ಹೊಲಿಗೆ ಬಿಚ್ಚುತ್ತಾ ಕಲಿತವಳು ನಾನು

ನಮಸ್ಕಾರ, ನಾನು ಸುಧಾ. ದಾವಣಗೆರೆಯವಳು. ಈ ಬೊಟಿಕ್‌ನ ಬಟ್ಟೆಗಳನ್ನು ಡಿಸೈನ್ ಮಾಡುವವಳೂ ನಾನೇ, ಅಳತೆ ತೆಗೆದು ಕತ್ತರಿ ಹಾಕುವವಳೂ ನಾನೇ. ಬೋರ್ಡಿನ ಮೇಲೆ ಫ್ಯಾಷನ್ ಡಿಸೈನರ್ ಅಂತ ಬರೆಸಿದ್ದೇನೆ, ಆದರೆ ಹಳೇ ಗಿರಾಕಿಗಳ ಫೋನಿನಲ್ಲಿ ಇವತ್ತಿಗೂ ನಾನು 'ಟೈಲರ್ ಸುಧಕ್ಕ'. ನನಗೆ ಅದೇ ಇಷ್ಟ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನಮ್ಮಪ್ಪ ಹತ್ತಿ ಗಿರಣಿಯಲ್ಲಿ ನೂಲು ತೆಗೆಯುವ ಕಡೆ ಕೆಲಸ ಮಾಡುತ್ತಿದ್ದರು. ನಮ್ಮೂರನ್ನು ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರಲ್ಲ, ಆ ಗಿರಣಿಗಳ ಕೊನೇ ಕಾಲ ಅದು. ಹಬ್ಬಕ್ಕೆ ಬಟ್ಟೆ ತರಲು ಹೋದಾಗ ಅಪ್ಪ ಬಣ್ಣ ನೋಡುತ್ತಲೇ ಇರಲಿಲ್ಲ. ಬಟ್ಟೆಯ ಅಂಚಿನಿಂದ ಒಂದು ಎಳೆ ಎಳೆದು, ಹೆಬ್ಬೆರಳು ತೋರುಬೆರಳಿನ ನಡುವೆ ಹೊಸೆದು, ಬಿಟ್ಟಾಗ ಅದು ಎಷ್ಟು ಸುತ್ತು ಬಿಚ್ಚಿಕೊಳ್ಳುತ್ತೆ ಅಂತ ನೋಡುತ್ತಿದ್ದರು. "ಮೊದ್ಲು ಎಳೆ ನೋಡವ್ವಾ, ಬಣ್ಣ ಆಮೇಲೆ" ಅನ್ನುತ್ತಿದ್ದರು. ಅಂಗಡಿಯವರಿಗೆ ಕಿರಿಕಿರಿ ಆಗುತ್ತಿತ್ತು. ನಾನು ಈಗ ಬಟ್ಟೆ ತರಲು ಹೋದಾಗಲೂ ಅದನ್ನೇ ಮಾಡುತ್ತೇನೆ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಗಿರಣಿ ನಿಂತಿತು. ಅವ್ವ ಸೀರೆಗೆ ಫಾಲ್ ಹಾಕಿಕೊಡಲು ಶುರು ಮಾಡಿದಳು, ಸಂಜೆ ನಾನೂ ಪಕ್ಕದಲ್ಲಿ ಕೂತು ಹೆಮ್ಮಿಂಗ್ ಮಾಡುತ್ತಿದ್ದೆ. 1998ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಯಿತು. ಕಾಲೇಜಿನ ಮಾತು ಮನೆಯಲ್ಲಿ ಬರಲೇ ಇಲ್ಲ. ಮಂಡಿಪೇಟೆ ಹತ್ತಿರದ ಒಂದು ಲೇಡೀಸ್ ಟೈಲರ್ ಅಂಗಡಿಗೆ ಸೇರಿಕೊಂಡೆ.

ಹೊಲಿಗೆ ಕಲಿಯುತ್ತೇನೆ ಅಂತ ಹೋದರೆ ಮಾಸ್ಟರು ಒಂದು ವರ್ಷ ಮಷಿನ್ ಮುಟ್ಟಲು ಬಿಡಲಿಲ್ಲ. ಕೈಗೆ ಅರ್ಧ ಬ್ಲೇಡು ಕೊಟ್ಟು, ಆಲ್ಟರೇಶನ್‌ಗೆ ಬಂದ ಬಟ್ಟೆಗಳ ರಾಶಿ ಮುಂದೆ ಹಾಕಿದರು. ಬಿಚ್ಚು. ದಿನವಿಡೀ ಬಿಚ್ಚು. ಬಟ್ಟೆಗೆ ಗಾಯ ಆಗಬಾರದು, ನೂಲು ಮಾತ್ರ ಹೋಗಬೇಕು. ಮೊದಮೊದಲು ಮನೆಗೆ ಹೋಗಿ ಅತ್ತಿದ್ದೇನೆ. ಆದರೆ ಮೂರ್ನಾಲ್ಕು ತಿಂಗಳಾದ ಮೇಲೆ ಒಂದು ವಿಷಯ ಗೊತ್ತಾಯಿತು. ಉಟ್ಟು ತೊಟ್ಟು ಹಳೆಯದಾದ ಬ್ಲೌಸನ್ನು ಬಿಚ್ಚಿದರೆ ಅದರ ಒಡತಿಯ ಮೈ ಹೇಗಿದೆ, ಏನು ಕೆಲಸ ಮಾಡುತ್ತಾಳೆ ಅನ್ನೋದೆಲ್ಲ ಒಳಗಡೆ ಬರೆದಿಟ್ಟ ಹಾಗೆ ಇರುತ್ತೆ. ಬಲಗಂಕುಳ ಹೊಲಿಗೆ ಮಾತ್ರ ಎಳೆದುಕೊಂಡಿದ್ದರೆ ಆ ಕೈ ದಿನಾ ಮೇಲೆ ಹೋಗುತ್ತಿದೆ ಅಂತ. ಒಂದು ಭುಜದ ಹತ್ತಿರ ಬಟ್ಟೆ ನವೆದು ತೆಳ್ಳಗಾಗಿದ್ದರೆ ಆ ಕಡೆಗೇ ಚೀಲ ಹಾಕಿಕೊಳ್ಳುತ್ತಾರೆ ಅಂತ. ಬೆನ್ನಿನ ಕೆಳಗೆ ಗೆರೆ ಬಿದ್ದಿದ್ದರೆ ತಪ್ಪು ಯಾವಾಗಲೂ ಬೆನ್ನಿನದೇ ಅಲ್ಲ, ಮುಂದಿನ ಟಕ್ಸ್ ಜಾಗ ತಪ್ಪಿರಲೂಬಹುದು. ಇದನ್ನು ಯಾರೂ ನನಗೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಲ್ಲ.

ಮಷಿನ್ ಸಿಕ್ಕ ಮೇಲೆ ಬೇಗ ಬೇಗ ಕಲಿತೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಅಂಗಡಿಯಲ್ಲಿ ನಿಲ್ಲಲು ಜಾಗ ಇರುತ್ತಿರಲಿಲ್ಲ, ರಾತ್ರಿ ಎರಡರವರೆಗೂ ಹೊಲಿದು, ಬೆಳಗ್ಗೆ ಮತ್ತೆ ಒಂಬತ್ತಕ್ಕೆ ಬಾಗಿಲು ತೆಗೆಯುತ್ತಿದ್ದೆವು. 2004ರಲ್ಲಿ ಮದುವೆ ಆಯಿತು. ನಿಟ್ಟುವಳ್ಳಿಯ ಬಾಡಿಗೆ ಮನೆಯ ಪಡಸಾಲೆಯಲ್ಲಿ ಒಂದು ಸೆಕೆಂಡ್‌ಹ್ಯಾಂಡ್ ಮಷಿನ್ ಇಟ್ಟುಕೊಂಡು ಸ್ವಂತಕ್ಕೆ ಶುರು ಮಾಡಿದೆ. ಬ್ಲೌಸಿಗೆ ನಲವತ್ತು ರೂಪಾಯಿ, ಲೈನಿಂಗ್ ಇದ್ದರೆ ಎಪ್ಪತ್ತು.

ಆ ದಿನಗಳ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಮದುವೆ ಹುಡುಗಿಯೊಬ್ಬಳ ಮೊಳಕಾಲ್ಮೂರು ಸೀರೆ, ಚಿತ್ರದುರ್ಗ ಜಿಲ್ಲೆಯ ಆ ರೇಷ್ಮೆ ಕೈಗೆ ಬಂದರೆ ಇವತ್ತಿಗೂ ನನಗೆ ಎದೆ ಹೊಡೆದುಕೊಳ್ಳುತ್ತೆ. ಬ್ಲೌಸ್ ಪೀಸಿನ ತುಂಬ ನವಿಲಿನ ಬುಟ್ಟಾ. ನಾನು ಅವಸರದಲ್ಲಿ ಬಟ್ಟೆ ಮಡಚಿ ಎರಡೂ ತೋಳು ಒಟ್ಟಿಗೆ ಕತ್ತರಿಸಿಬಿಟ್ಟೆ. ಬಿಡಿಸಿ ನೋಡಿದರೆ ಒಂದು ತೋಳಿನಲ್ಲಿ ನವಿಲು ನಿಂತಿವೆ, ಇನ್ನೊಂದರಲ್ಲಿ ತಲೆಕೆಳಗೆ. ಮಡಚಿದಾಗ ಒಂದು ಪದರ ತಿರುಗಿಬಿಟ್ಟಿತ್ತು. ಉಳಿದ ಬಟ್ಟೆ ಒಂದು ಗೇಣು. ಆವತ್ತೇ ಅವರ ಮನೆಗೆ ಹೋಗಿ ತೋರಿಸಿದೆ. ಹುಡುಗಿಯ ತಾಯಿ ಬೈದರು, ಬೈಯಬೇಕಾದ್ದೇ. ಮನೆಗೆ ಬಂದು ತಪ್ಪಿದ ತೋಳಿನಿಂದ ಎರಡಿಂಚಿನ ಪಟ್ಟಿಗಳನ್ನು ಕತ್ತರಿಸಿ, ಒಂದೊಂದನ್ನೂ ತಿರುಗಿಸಿ, ನಡುವೆ ಸೀರೆಯ ಅಂಚಿನ ಬಣ್ಣದ ಪೈಪಿಂಗ್ ಕೊಟ್ಟು ಮತ್ತೆ ಜೋಡಿಸಿದೆ. ಒಂದೇ ತೋಳಿಗೆ ಮಾಡಿದರೆ ತೇಪೆ ಹಾಕಿದ ಹಾಗೆ ಕಾಣುತ್ತೆ, ಅದಕ್ಕೆ ಸರಿಯಾಗಿದ್ದ ತೋಳನ್ನೂ ಕತ್ತರಿಸಿ ಹಾಗೇ ಮಾಡಿದೆ. ಆ ಕತ್ತರಿ ಹಾಕುವಾಗ ಕೈ ನಡುಗಿದ್ದು ನೆನಪಿದೆ. ಹುಡುಗಿ ಅದನ್ನೇ ತೊಟ್ಟಳು. ಕೂಲಿ ನಾನು ತೆಗೆದುಕೊಳ್ಳಲಿಲ್ಲ. ಅವತ್ತಿನಿಂದ ಬುಟ್ಟಾ ಇರುವ ಬಟ್ಟೆ ಬಂದರೆ ಮೊದಲು ಚಾಕಿನಲ್ಲಿ ಒಂದು ಬಾಣದ ಗುರುತು ಹಾಕುತ್ತೇನೆ, ತೋಳನ್ನು ಒಂದೊಂದಾಗಿ ಕತ್ತರಿಸುತ್ತೇನೆ. ನಮ್ಮಲ್ಲಿ ಕೆಲಸ ಮಾಡುವವರಿಗೂ ಅದೇ ನಿಯಮ.

2012ರಲ್ಲಿ, ಮಗಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ, ಒಂದು ವರ್ಷದ ಫ್ಯಾಷನ್ ಡಿಸೈನಿಂಗ್ ಕೋರ್ಸಿಗೆ ಸೇರಿದೆ. ಕ್ಲಾಸಿನಲ್ಲಿ ನಾನೇ ದೊಡ್ಡವಳು. ಅಲ್ಲಿ ಮೊದಲು ಕಲಿಸಿದ್ದು ಚಿತ್ರ ಬರೆಯೋದು. ಫ್ಯಾಷನ್ ಚಿತ್ರದ ಹುಡುಗಿ ಅವಳ ತಲೆಯ ಒಂಬತ್ತರಷ್ಟು ಎತ್ತರ ಇರಬೇಕು ಅಂದರು. ನಿಜವಾದ ಮನುಷ್ಯರು ಸುಮಾರು ಏಳೂವರೆ ತಲೆ ಎತ್ತರ ಇರುತ್ತಾರೆ. ಆ ಉದ್ದನೆಯ ಕಾಲಿನ ಹುಡುಗಿಗೆ ಏನು ಬರೆದರೂ ಚಂದ. ಬಣ್ಣ, ಪ್ಯಾಟರ್ನ್, ಡ್ರೇಪಿಂಗ್ ಎಲ್ಲ ಅಲ್ಲಿ ಕಲಿತೆ, ಅದರ ಋಣ ನನ್ನ ಮೇಲಿದೆ. ಆದರೆ ನನ್ನ ಅಂಗಡಿಗೆ ಬರುವವರು ಏಳೂವರೆ ತಲೆಯವರು, ಹೆರಿಗೆ ಆದವರು, ಥೈರಾಯ್ಡ್ ಇರುವವರು, ಗದ್ದೆಯಲ್ಲಿ ಬಗ್ಗಿ ಬಗ್ಗಿ ಬೆನ್ನು ಬಾಗಿದವರು. ಆದ್ದರಿಂದ ನನ್ನ ನೋಟ್‌ಬುಕ್ಕಿನಲ್ಲಿ ಅಂಥವರನ್ನೇ ಬರೆಯಲು ಶುರು ಮಾಡಿದೆ. ಈಗಲೂ ಹಾಗೇ ಬರೆಯುತ್ತೇನೆ.

ಕೋರ್ಸ್ ಮುಗಿದ ವರ್ಷ ಒಬ್ಬರು ರಿಟೈರ್ಡ್ ಟೀಚರ್ ಬಂದರು. ಭುಜ ಹಿಡಿದುಕೊಂಡಿತ್ತು, ಕೈ ಮೇಲೆತ್ತಲು ಆಗುತ್ತಿರಲಿಲ್ಲ. "ಬ್ಲೌಸ್ ಹಾಕ್ಕೊಳ್ಳೋಕೇ ಅರ್ಧ ಗಂಟೆ ಬೇಕಮ್ಮ. ದೊಡ್ಡದು ಹೊಲಿಸಿದ್ರೆ ಭುಜದಿಂದ ಜಾರುತ್ತೆ" ಅಂದರು. ಎರಡು ಸಲ ಹೊಲಿದುಕೊಟ್ಟೆ, ಎರಡೂ ಸರಿ ಹೋಗಲಿಲ್ಲ. ಕಂಕುಳನ್ನು ಕೆಳಗೆ ಇಳಿಸಿದರೆ ಆರಾಮ ಅಂತ ತುಂಬ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ಇಳಿಸಿದಷ್ಟೂ, ಕೈ ಎತ್ತಿದಾಗ ಇಡೀ ಬ್ಲೌಸ್ ಜೊತೆಗೇ ಮೇಲೆ ಬರುತ್ತೆ.

ಆಗ ನೆನಪಾಗಿದ್ದು ನಮ್ಮಜ್ಜಿಯ ಕುಪ್ಪಸ. ಅಜ್ಜಿ ಗುಳೇದಗುಡ್ಡದ ಖಣದ್ದು ಬಿಟ್ಟು ಬೇರೆ ತೊಟ್ಟವಳಲ್ಲ, ಮುಂದೆ ಗಂಟು ಹಾಕುವ ಕುಪ್ಪಸ. ಅದು ಮೈಗೆ ಅಂಟಿಕೊಂಡ ಹಾಗೆ ಇರುತ್ತಿತ್ತು, ಆದರೂ ಅಜ್ಜಿ ಅದೇ ಕೈಯಲ್ಲಿ ರಾಗಿ ಬೀಸುತ್ತಿದ್ದಳು, ತಲೆ ಮೇಲೆ ಹುಲ್ಲಿನ ಹೊರೆ ಹೊರುತ್ತಿದ್ದಳು. ಹೇಗೆ? ಅವ್ವನ ಟ್ರಂಕಿನಲ್ಲಿ ಒಂದು ಉಳಿದಿತ್ತು. ಕೇಳಿಕೊಂಡು ತಂದೆ, ರಾತ್ರಿ ಎಲ್ಲರೂ ಮಲಗಿದ ಮೇಲೆ ಲೈಟಿನ ಕೆಳಗೆ ಕೂತು ಎಡಗಡೆ ಮಾತ್ರ ಬಿಚ್ಚಿದೆ. ಕೈಹೊಲಿಗೆ, ಸಾಸಿವೆ ಕಾಳಿನಷ್ಟು ಸಣ್ಣ ಸಣ್ಣ ಟಾಕು. ಬಿಚ್ಚಿ ನೆಲದ ಮೇಲೆ ಹರಡಿದರೆ ಒಂದೇ ಒಂದು ಬಾಗಿದ ಕಟ್ ಇಲ್ಲ! ಎಲ್ಲ ನೇರ ತುಂಡುಗಳು. ಖಣದ ಅಗಲ ಕಮ್ಮಿ, ಅದಕ್ಕೇ ಒಂದು ಚೂರೂ ಹಾಳಾಗದ ಹಾಗೆ ಕತ್ತರಿಸಿದ್ದರು. ಕಂಕುಳಲ್ಲಿ ಮಾತ್ರ ಒಂದು ಪುಟ್ಟ ಚೌಕ ತುಂಡು, ಮೂರು ಬೆರಳಿನಷ್ಟು, ಮೂಲೆಯಿಂದ ಮೂಲೆಗೆ ಮಡಚಿಕೊಳ್ಳುವ ಹಾಗೆ ಕೂರಿಸಿದ್ದು. ಕೈ ಇಳಿಸಿದಾಗ ಅದು ಮಡಚಿ ಒಳಗೆ ಹೋಗುತ್ತೆ, ಎತ್ತಿದಾಗ ಬಿಚ್ಚಿಕೊಳ್ಳುತ್ತೆ. ಇಡೀ ಗುಟ್ಟು ಆ ಚೌಕದಲ್ಲಿತ್ತು.

ಅದೇ ಚೌಕವನ್ನು ಈಗಿನ ಕಟ್‌ಗೆ ಹೊಂದಿಸಲು ನನಗೆ ಎರಡು ತಿಂಗಳು ಹಿಡಿಯಿತು. ಕೋರಾ ಬಟ್ಟೆಯಲ್ಲಿ ಹನ್ನೊಂದು ಸಲ ಹೊಲಿದು ಬಿಚ್ಚಿದ್ದೇನೆ. ಕೊನೆಗೆ ಬಟ್ಟೆಯನ್ನು ಅಡ್ಡ ಎಳೆಯಲ್ಲಿ ಕತ್ತರಿಸಿದಾಗ ಕೂತಿತು. ಟೀಚರ್ ತೊಟ್ಟುಕೊಂಡು ಕನ್ನಡಿ ಮುಂದೆ ನಿಂತು, ಒಂದು ಕೈಯನ್ನು ನಿಧಾನಕ್ಕೆ ಕಿವಿಯ ತನಕ ಎತ್ತಿ, ತಾವೇ ಜಡೆಗೆ ಹೂವು ಸಿಕ್ಕಿಸಿಕೊಂಡರು. ಏನೂ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಡಿಸೈನರ್ ಅಂತ ನನ್ನನ್ನು ನಾನು ಕರೆದುಕೊಂಡಿದ್ದು ಅವತ್ತಿನಿಂದ.

ಆಮೇಲಿನದ್ದು ಬೇಗ ಹೇಳಿ ಮುಗಿಸುತ್ತೇನೆ. 2016ರಲ್ಲಿ ಮುದ್ರಾ ಸಾಲ ತೆಗೆದುಕೊಂಡು ವಿದ್ಯಾನಗರದಲ್ಲಿ ಈ ಬೊಟಿಕ್ ತೆರೆದೆ. 2020ರ ಲಾಕ್‌ಡೌನ್‌ನಲ್ಲಿ ಮದುವೆಗಳೆಲ್ಲ ನಿಂತಾಗ ಮಾಸ್ಕ್ ಹೊಲಿದು ಬಾಡಿಗೆ ಕಟ್ಟಿದೆವು. ಈಗ ನಾವು ಐದು ಜನ ಹೆಂಗಸರಿದ್ದೇವೆ. ಅವರಲ್ಲಿ ಒಬ್ಬರು ನ್ಯಾಮತಿ ಕಡೆಯ ತಾಂಡಾದವರು, ಕನ್ನಡಿ ಇಟ್ಟು ಹೊಲಿಯುವ ಲಂಬಾಣಿ ಕಸೂತಿ ಅವರ ಕೈಯಲ್ಲಿ ಬರುವಷ್ಟು ಚಂದ ನನಗೆ ಬರಲ್ಲ, ಅವರ ಹತ್ತಿರ ಇನ್ನೂ ಕಲಿಯುತ್ತಿದ್ದೇನೆ. ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೂ ನಾನು ಮೊದಲು ಕೊಡೋದು ಬ್ಲೇಡೇ. ಒಂದು ವರ್ಷವಲ್ಲ, ಒಂದು ತಿಂಗಳು ಸಾಕು.

ನಮ್ಮಲ್ಲಿ ಖಣ, ಇಳಕಲ್, ಮೊಳಕಾಲ್ಮೂರು ರೇಷ್ಮೆಯ ಮೇಲೆ ಕೆಲಸ ಜಾಸ್ತಿ. ಬ್ಲೌಸ್, ಕುರ್ತಾ, ಲಂಗ ದಾವಣಿ, ಮದುವೆಯ ಪೂರ್ತಿ ಸೆಟ್. ಅಜ್ಜಿಯ, ಅಮ್ಮನ ಹಳೇ ಸೀರೆ ತಂದರೆ ಅದನ್ನು ಮೊದಲು ಬೆಳಕಿಗೆ ಹಿಡಿದು ನೋಡುತ್ತೇನೆ, ಎಳೆ ಸತ್ತಿದ್ದರೆ ಕತ್ತರಿಸಬೇಡಿ ಅಂತ ಹೇಳಿ ವಾಪಸ್ ಕೊಡುತ್ತೇನೆ. ಕಾಟನ್ ಲೈನಿಂಗನ್ನು ನೀರಿನಲ್ಲಿ ನೆನೆಸಿ ಒಣಗಿಸದೆ ಕತ್ತರಿಸಲ್ಲ. ಪ್ರತಿ ಬ್ಲೌಸಿನ ಒಳಗೂ ಒಂದೂವರೆ ಇಂಚು ಬಟ್ಟೆ ಬಿಟ್ಟಿರುತ್ತೇವೆ. ಮೈ ಇವತ್ತು ಇದ್ದ ಹಾಗೆ ನಾಳೆ ಇರಲ್ಲ, ಅಲ್ವಾ? ಮದುವೆ ಬಟ್ಟೆಗೆ ನಾಲ್ಕು ವಾರ ಬೇಕು, ನಡುವೆ ಒಂದು ಸಲ ಟ್ರಯಲ್‌ಗೆ ಬರಬೇಕು. ಅವಸರಕ್ಕೆ ಮಾಡಿಕೊಡಿ ಅಂದರೆ ಆಗಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬೇರೆ ಊರಿನವರು ಅಳತೆ ಬ್ಲೌಸನ್ನು ಕೊರಿಯರ್ ಮಾಡಬಹುದು.

ಅಜ್ಜಿಯ ಕುಪ್ಪಸ ಅಂಗಡಿಯಲ್ಲೇ ಇದೆ, ಬಲಗಡೆ ಹೊಲಿದದ್ದು, ಎಡಗಡೆ ಬಿಚ್ಚಿದ್ದು. ಕೇಳಿದರೆ ತೆಗೆದು ತೋರಿಸುತ್ತೇನೆ. ಬರುವಾಗ ನಿಮಗೆ ಚೆನ್ನಾಗಿ ಕೂರುವ ಒಂದು ಹಳೇ ಬ್ಲೌಸ್ ತನ್ನಿ. ಕೂರದೇ ಇರುವ ಒಂದನ್ನೂ ತನ್ನಿ. ನನಗೆ ಆ ಎರಡನೆಯದರಿಂದಲೇ ಜಾಸ್ತಿ ಗೊತ್ತಾಗೋದು.