ಮೇಲಿನ ಕೋಣೆಯ ರೇಡಿಯೇಟರ್

ಥರ್ಮೋಸ್ಟಾಟನ್ನು 30ಕ್ಕೆ ಏರಿಸಿದರೆ ಮನೆ ಬೇಗ ಕಾಯುತ್ತದೆ ಎಂದೇ ಮಂಜುನಾಥ ನಂಬಿದ್ದ. ಇಂಗ್ಲೆಂಡಿನ ಲೀಡ್ಸ್ ಊರಿನ ಆ ಬಾಡಿಗೆ ಮನೆಗೆ ಬಂದದ್ದು ಅಕ್ಟೋಬರಿನಲ್ಲಿ. ನವೆಂಬರಿನಲ್ಲಿ ಸ್ಮಾರ್ಟ್ ಮೀಟರಿನ ಪರದೆಯ ಮೇಲೆ ಪೌಂಡುಗಳು ಏರುವುದನ್ನು ನೋಡಿದವನೇ 15ಕ್ಕೆ ಇಳಿಸಿದ.

ನೈಟ್ ಡ್ಯೂಟಿ ಮುಗಿಸಿ ಬಂದ ಸುಧಾ ಜಾಕೆಟ್ ಬಿಚ್ಚದೆ ಕಾಫಿ ಕುಡಿದಳು. "ರೀ, ಅದು ಗ್ಯಾಸ್ ಒಲೆಯ ತಿರುಪಲ್ಲ. ಎಷ್ಟಕ್ಕಿಟ್ಟರೂ ಕಾಯೋ ವೇಗ ಅಷ್ಟೇ. ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಮಾತ್ರ ಅದಕ್ಕೆ ಗೊತ್ತು. 19ಕ್ಕಿಟ್ಟು ಮುಟ್ಟದೆ ಸುಮ್ಮನಿರಿ."

ತೀರ್ಥಹಳ್ಳಿಯಿಂದ ವಿಸಿಟರ್ ವೀಸಾದಲ್ಲಿ ಬಂದಿದ್ದ ಅಮ್ಮನಿಗೆ, ಬಾಯ್ಲರಿನ ಬಿಸಿನೀರು ಒಳಗೆ ಹರಿದು ಕೋಣೆ ಕಾಯಿಸುವ ರೇಡಿಯೇಟರ್ ಎಂದರೆ ಬಟ್ಟೆ ಒಣಗಿಸುವ ಸಾಧನ. ಕಿಟಕಿ ಮುಚ್ಚಿ ಒದ್ದೆ ಸೀರೆ ಹರವಿ, ವಾರ ಕಳೆಯುವಷ್ಟರಲ್ಲಿ ಮೂಲೆಗೋಡೆಗೆ ಕಪ್ಪು ಬೂಷ್ಟು ಹಿಡಿಸಿದ್ದರು. ಚಳಿಯಲ್ಲೂ ದಿನಾ ಸ್ವಲ್ಪ ಹೊತ್ತು ಕಿಟಕಿ ತೆಗೆಯಬೇಕೆಂದು ಸೊಸೆ ಹೇಳಿದಾಗ, "ಕಾಸು ಕೊಟ್ಟು ಕಾಯಿಸಿ ಹೊರಗೆ ಬಿಡೋದಾ?" ಎಂದು ಬೆರಗಾದರು. ನಮ್ಮ ಮಳೆಗಾಲವನ್ನೇ ಕಂಡವರಿಗೆ ಬೂಷ್ಟು ಹೊಸತಲ್ಲ, ಅದು ದುಡ್ಡು ಕೊಟ್ಟು ಬರಿಸಿಕೊಂಡದ್ದು ಮಾತ್ರ ಹೊಸತು.

ಡಿಸೆಂಬರಿನ ಒಂದು ರಾತ್ರಿ ಮಗು ನಡುಗುತ್ತಾ ಅಜ್ಜಿಯ ಹಾಸಿಗೆಗೆ ಬಂತು. ಅದರ ಕೋಣೆಯ ರೇಡಿಯೇಟರ್ ತಿರುಪು ಪೂರ್ತಿ ತೆರೆದು 5ರಲ್ಲೇ ಇತ್ತು. ಮಂಜುನಾಥ ಬಾಯ್ಲರ್ ಕೆಟ್ಟಿತೆಂದು ಮನೆ ಮಾಲೀಕರಿಗೆ ಮೆಸೇಜ್ ಬರೆಯುತ್ತಿದ್ದ. ಅಮ್ಮ ಮಾತ್ರ ರೇಡಿಯೇಟರನ್ನು ಕೆಳಗಿನಿಂದ ಮೇಲಕ್ಕೆ ಸವರಿದರು.

"ಬುಡ ಸುಡ್ತಿದೆ, ತುದಿ ತಣ್ಣಗೆ. ಗಾಳಿ ಹಿಡಿದಿದೆ ಕಣೋ."

"ಅಮ್ಮಾ, ಇದು ನಮ್ಮ ತೋಟದ ಪೈಪಲ್ಲ."

"ಒಳಗೆ ಹರಿಯೋದು ನೀರೇ ತಾನೆ? ಗುಡ್ಡದಿಂದ ಮನೆಗೆ ಎಳೆದ ಪೈಪಿಗೆ ಗಾಳಿ ಕಟ್ಟಿದಾಗೆಲ್ಲ ನಿಮ್ಮಪ್ಪ ಜಾಯಿಂಟ್ ಬಿಚ್ಚಿ ಬಿಡ್ತಿರಲಿಲ್ವಾ? ಇದಕ್ಕೂ ಬಿಚ್ಚೋ ಜಾಗ ಇರಬೇಕು, ನೋಡು."

ಇತ್ತು. ಮೇಲ್ತುದಿಯ ಪಕ್ಕದಲ್ಲಿ ಚೌಕದ ಸಣ್ಣ ತಿರುಪು. ಅದರ ಕೀಲಿ ಅಡುಗೆಮನೆಯ ಡ್ರಾಯರಿನಲ್ಲಿ ಮೊದಲ ದಿನದಿಂದಲೂ ಬಿದ್ದಿತ್ತು; ಯಾವುದೋ ಬೀಗದ್ದೆಂದು ಎಲ್ಲರೂ ಅದನ್ನು ಪಕ್ಕಕ್ಕೆ ಸರಿಸಿದ್ದರು. ಹೀಟಿಂಗ್ ಆರಿಸಿ, ಆರಲು ಬಿಟ್ಟು, ಹಳೇ ಟವೆಲ್ ಹಿಡಿದು ಅರ್ಧ ಸುತ್ತು ತಿರುಗಿಸಿದ. ಬುಸ್ಸೆಂದು ಗಾಳಿ ಬಂತು, ಬಂತು, ಬರುತ್ತಲೇ ಇತ್ತು. ಕೊನೆಗೆ ಮಸಿಯಂಥ ನೀರು ಚಿಮ್ಮಿ ಅವನ ಬಿಳಿ ಬನಿಯನ್ನಿಗೆ ಬಿತ್ತು.

ಕೆಳಗೆ ಹೋಗಿ ಆನ್ ಮಾಡಿದರೆ ಬಾಯ್ಲರ್ ಹೊತ್ತಲೇ ಇಲ್ಲ. ನೀರಿನ ಒತ್ತಡ ತೋರಿಸುವ ಗೇಜಿನ ಮುಳ್ಳು 1ಕ್ಕಿಂತ ಕೆಳಗೆ ಬಿದ್ದಿತ್ತು.

"ಅಷ್ಟು ಗಾಳಿ ಹೋಯ್ತಲ್ಲ, ಆ ಜಾಗಕ್ಕೆ ನೀರು ಬೇಡ್ವಾ?" ಮೆಟ್ಟಿಲ ಮೇಲಿನಿಂದ ಅಮ್ಮ ಕೂಗಿದರು.

ಆಸ್ಪತ್ರೆಯಿಂದ ಸುಧಾ ಫೋನಿನಲ್ಲಿ ಮ್ಯಾನುಯಲ್ ಓದಿ ಹೇಳಿದಳು. ಬಾಯ್ಲರಿನ ಅಡಿಯಲ್ಲಿದ್ದ ಬೆಳ್ಳಿ ಬಣ್ಣದ ಹೆಣಿಗೆ ಪೈಪಿನ ಎರಡೂ ನಲ್ಲಿ ಮೆಲ್ಲಗೆ ತೆಗೆದ; ಮುಳ್ಳು 1.2ಕ್ಕೆ ಬಂದಾಗ ಮುಚ್ಚಿದ. ಬಾಯ್ಲರ್ ಗುಂಯ್‌ಗುಟ್ಟಿತು.

ಮೇಲೆ ಹೋಗಿ ನೋಡಿದರೆ ಅಮ್ಮ ಕೀಲಿ ಹಿಡಿದು ಬಚ್ಚಲಿನತ್ತ ಹೊರಟಿದ್ದರು. "ಆರಿಸು ಮಾರಾಯಾ ಮತ್ತೆ. ಅಲ್ಲೊಂದು ತಲೆ ತಣ್ಣಗೆ ಮಾಡ್ಕೊಂಡು ಕೂತಿದೆ."