ಪ್ರಶ್ನೆ 4 (ದೀರ್ಘ ಉತ್ತರ, 15 ಅಂಕ): ತಿದ್ದುವವರಿಗೆ ಅಂಕದ ಮಾನದಂಡ

ಬಿ.ಎ. ಇತಿಹಾಸ, ಆಧುನಿಕ ಕರ್ನಾಟಕ ಪತ್ರಿಕೆ. ಗದಗ. ಉತ್ತರಪತ್ರಿಕೆ 128, ತಿದ್ದುವವರು ಮೂವರು.

ಪ್ರಶ್ನೆ

"1857–58ರಲ್ಲಿ ಧಾರವಾಡ ಸೀಮೆಯಲ್ಲೂ ಅದರ ಸುತ್ತಮುತ್ತಲೂ ನಡೆದ ದಂಗೆಗಳು ಸಂಸ್ಥಾನಿಕರ ಸ್ವಂತ ಸಂಕಟದಿಂದ ಹುಟ್ಟಿದವು, ಸಾಮಾನ್ಯ ಜನರ ಅಸಮಾಧಾನಕ್ಕೂ ಅವಕ್ಕೂ ನಂಟು ಕಡಿಮೆ." ಈ ಹೇಳಿಕೆಯನ್ನು ಮೂರು ನಿದರ್ಶನಗಳ ಆಧಾರದ ಮೇಲೆ ಪರಿಶೀಲಿಸಿರಿ.

ಈ ಮಾನದಂಡ ಯಾಕೆ ಬೇಕಾಯಿತು

ಕಳೆದ ಶನಿವಾರ ನಾವು ಮೂವರೂ ಐದು ಉತ್ತರಗಳ ಝೆರಾಕ್ಸ್ ಇಟ್ಟುಕೊಂಡು, ಒಬ್ಬರದು ಒಬ್ಬರಿಗೆ ತೋರಿಸದೆ ತಿದ್ದಿದೆವು. ನಾಲ್ಕರಲ್ಲಿ ಒಂದೆರಡು ಅಂಕದ ವ್ಯತ್ಯಾಸ, ಅದು ಇದ್ದದ್ದೇ. ಮೂರನೆಯ ಉತ್ತರಕ್ಕೆ ಮಾತ್ರ ಒಬ್ಬರು 7 ಕೊಟ್ಟರೆ ಇನ್ನೊಬ್ಬರು 12 ಕೊಟ್ಟಿದ್ದರು. 12 ಕೊಟ್ಟವನು ನಾನೇ. ನರಗುಂದದ ಬಾಬಾಸಾಹೇಬನ ಕಥೆಯನ್ನು ಆ ಹುಡುಗ ನಾಲ್ಕು ಪುಟ ಬರೆದಿದ್ದ. ಮ್ಯಾನ್ಸನ್ನನ ತಲೆ ಕೋಟೆಯ ಬಾಗಿಲಿಗೆ ತೂಗಿದ್ದನ್ನು ಓದುತ್ತ ನಾನು ಪ್ರಶ್ನೆಯನ್ನೇ ಮರೆತಿದ್ದೆ. ಆಮೇಲೆ ಮತ್ತೊಮ್ಮೆ ಓದಿದರೆ, ಹೇಳಿಕೆ ಸರಿಯೋ ತಪ್ಪೋ ಎಂಬ ಮಾತು ಆ ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ.

ಪ್ರಶ್ನೆಯಲ್ಲಿ "ಪರಿಶೀಲಿಸಿರಿ" ಎಂದಿದೆ, "ವಿವರಿಸಿರಿ" ಎಂದಿಲ್ಲ. ಕೆಳಗಿನ ಅಂಕ ಹಂಚಿಕೆಗೆಲ್ಲ ಈ ಒಂದು ಶಬ್ದವೇ ಆಧಾರ.

ಅಂಕ ಹಂಚಿಕೆ

| ಏನಕ್ಕೆ | ಅಂಕ |
|---|---|
| ಹೇಳಿಕೆಗೆ ಕೊಟ್ಟ ಉತ್ತರ, ಅಂದರೆ ವಾದ | 5 |
| ನಿದರ್ಶನ ಮತ್ತು ವಿವರದ ಖಚಿತತೆ | 5 |
| ಕಾರಣಗಳನ್ನು ತೂಗಿ ನೋಡಿದ್ದು | 3 |
| ಜೋಡಣೆ, ಭಾಷೆ | 2 |

ಅರ್ಧ ಅಂಕ ಯಾವುದರಲ್ಲೂ ಬೇಡ. ನಾಲ್ಕಕ್ಕೂ ಬೇರೆಬೇರೆಯಾಗಿ ಅಂಕ ಹಾಕಿ, ಕೊನೆಗೆ ಕೂಡಿಸಿ. ಮೊದಲೇ "ಇದು 10ರ ಉತ್ತರ" ಎಂದು ಮನಸ್ಸಿನಲ್ಲಿ ಇಟ್ಟುಕೊಂಡು, ಅದಕ್ಕೆ ತಕ್ಕಂತೆ ನಾಲ್ಕು ಮನೆಗೆ ಹಂಚಬಾರದು.

1. ವಾದ (5)

ಒಪ್ಪಿದರೂ ಸರಿ, ಅಲ್ಲಗಳೆದರೂ ಸರಿ, ಅರ್ಧ ಒಪ್ಪಿದರೂ ಸರಿ. ನಮ್ಮ ಅಭಿಪ್ರಾಯಕ್ಕೆ ಹೊಂದಲಿಲ್ಲ ಎಂದು ಒಂದಂಕವನ್ನೂ ಕಡಿಯುವಂತಿಲ್ಲ. ಹೇಳಿಕೆಯನ್ನು ಪೂರ್ತಿ ಒಪ್ಪಿ ಬರೆದ ಒಳ್ಳೆಯ ಉತ್ತರಕ್ಕೂ 5 ಸಿಗಬೇಕು. ನರಗುಂದ, ರೋಣದ ಕಡೆಯಿಂದ ಬರುವ ಮಕ್ಕಳ ಊರಭಿಮಾನ ನಮಗೂ ಇದೆಯಾದ್ದರಿಂದ ಈ ಎಚ್ಚರ.

5: ಒಂದು ನಿಲುವಿದೆ, ಆ ನಿಲುವಿನಲ್ಲಿ ಹೇಳಿಕೆಯ ಎರಡೂ ತುದಿ (ಸಂಸ್ಥಾನಿಕರು, ಜನ) ಇವೆ, ಪ್ರತಿ ನಿದರ್ಶನವೂ ಅದಕ್ಕೆ ಮರಳಿ ಬರುತ್ತದೆ. ತನಗೆ ಅಡ್ಡ ಬರುವ ಒಂದು ಸಂಗತಿಯನ್ನಾದರೂ ಎತ್ತಿಕೊಂಡು ಉತ್ತರ ಕೊಟ್ಟಿರಬೇಕು. ಉದಾಹರಣೆಗೆ: "ನರಗುಂದದಲ್ಲಿ ದತ್ತಕದ ಸಂಕಟ ಬಾಬಾಸಾಹೇಬನದೇ ನಿಜ. ಆದರೆ ಹಲಗಲಿಯಲ್ಲಿ ಸಂಸ್ಥಾನಿಕನೇ ಇಲ್ಲ. ಅಲ್ಲಿ ಬಂದೂಕು ಬಿಡಲೊಲ್ಲದವರು ಬೇಡರು. ಆದ್ದರಿಂದ ಹೇಳಿಕೆ ಒಂದು ಊರಿಗೆ ಒಪ್ಪುತ್ತದೆ, ಸೀಮೆಗೆಲ್ಲ ಒಪ್ಪುವುದಿಲ್ಲ."

4 ಅಥವಾ 3: ನಿಲುವಿದೆ, ಆದರೆ ಮೊದಲಲ್ಲೂ ಕೊನೆಯಲ್ಲೂ ಮಾತ್ರ ಕಾಣುತ್ತದೆ, ನಡುವೆ ಬರೇ ಕಥೆ. ನಡುವೆ ಒಂದೆರಡು ಕಡೆಯಾದರೂ ನಿಲುವಿಗೆ ಮರಳಿದ್ದರೆ 4, ಇಲ್ಲದಿದ್ದರೆ 3.

2: "ಈ ಹೇಳಿಕೆ ಭಾಗಶಃ ಸರಿ" ಎಂಬ ಒಂದೇ ಸಾಲು. ಯಾವ ಭಾಗ, ಯಾಕೆ ಎಂಬುದಿಲ್ಲ. ಗೈಡಿನಿಂದ ಬರುವ ಈ ಸಾಲು ನಿಮಗೆ ಬಹಳ ಸಿಗುತ್ತದೆ.

1: ಹೇಳಿಕೆಯನ್ನು ಮುಟ್ಟಿಲ್ಲ, ಆದರೆ ಬರೆದದ್ದು ಈ ದಂಗೆಗಳ ವಿಷಯವೇ. 0: ವಿಷಯವೇ ಬೇರೆ.

2. ನಿದರ್ಶನ ಮತ್ತು ವಿವರ (5)

ಒಂದೇ ನಿದರ್ಶನ ಎಷ್ಟೇ ವಿಸ್ತಾರವಾಗಿದ್ದರೂ 2ಕ್ಕೆ ಮೇಲೆ ಹೋಗುವುದಿಲ್ಲ. ಎರಡಿದ್ದರೆ 4ರವರೆಗೆ. ಮೂರೂ ಇದ್ದು, ವಿವರ ಖಚಿತವಾಗಿದ್ದರೆ 5. ಹೆಸರು ಮಾತ್ರ ಹೇಳಿ ಬಿಟ್ಟದ್ದು ನಿದರ್ಶನವಲ್ಲ. ಯಾರು, ಯಾವಾಗ, ಯಾತಕ್ಕೆ, ಏನಾಯಿತು, ಇವುಗಳಲ್ಲಿ ಮೂರಾದರೂ ಇರಬೇಕು.

ಕೈಯಲ್ಲಿ ಇರಲಿ ಎಂದು ಮುಖ್ಯ ಸಂಗತಿಗಳು:

ಹಲಗಲಿ: 1857ರ ನವೆಂಬರ್. ಮುಧೋಳ ಸಂಸ್ಥಾನದ ಊರು. ನಿಶ್ಶಸ್ತ್ರೀಕರಣ ಕಾಯ್ದೆಯಂತೆ ಆಯುಧ ಒಪ್ಪಿಸಲು ಬೇಡರು ಒಪ್ಪಲಿಲ್ಲ. ಸೈನ್ಯ ಬಂದು ಊರಿಗೆ ಬೆಂಕಿ ಹಚ್ಚಿತು, ಹಲವರನ್ನು ಗಲ್ಲಿಗೇರಿಸಿತು.

ಸುರಪುರ: 1858ರ ಫೆಬ್ರವರಿ. ವೆಂಕಟಪ್ಪ ನಾಯಕ. ಇದು ನಿಜಾಮನ ಸೀಮೆಯೊಳಗಿನದು, ಆದರೂ "ಸುತ್ತಮುತ್ತ" ಎಂಬ ಮಾತಿಗೆ ಸೇರಿಸಿ ಒಪ್ಪಿಕೊಳ್ಳೋಣ.

ನರಗುಂದ: ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬ. ದತ್ತಕಕ್ಕೆ ಕಂಪನಿಯ ಅನುಮತಿ ಸಿಗಲಿಲ್ಲ, ಮೇಲೆ ಆಯುಧ ಒಪ್ಪಿಸುವ ಒತ್ತಡ. 1858ರ ಮೇ 29ರಂದು ಸುರೇಬಾನದಲ್ಲಿ ಮ್ಯಾನ್ಸನ್ನನ ಕೊಲೆ. ಜೂನ್ ಮೊದಲ ವಾರದಲ್ಲೇ ಕೋಟೆ ಬಿತ್ತು. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು.

ಮುಂಡರಗಿ: ಭೀಮರಾವ್ ನಾಡಗೀರ, ಜೊತೆಗೆ ಹಮ್ಮಿಗೆಯ ಕೆಂಚನಗೌಡ. ಡಂಬಳದ ಮೇಲೆ ಬಿದ್ದು, ಮುಂದೆ ಕೊಪ್ಪಳದ ಕೋಟೆ ಹಿಡಿದರು. 1858ರ ಜೂನ್ 1ರಂದು ಅಲ್ಲಿಯೇ ಸತ್ತರು.

ತಾರೀಖು ಒಂದೆರಡು ದಿನ ಹಿಂದೆಮುಂದಾದರೆ ಕಡಿಯಬೇಡಿ. ಇಸವಿ, ತಿಂಗಳು ಸರಿ ಇದ್ದರೆ ಸಾಕು. "ಗದಗ ಜಿಲ್ಲೆಯ ನರಗುಂದ" ಎಂದು ಬರೆದವರಿಗೂ ಕಡಿತವಿಲ್ಲ. ಜಿಲ್ಲೆಯಾದದ್ದು 1997ರಲ್ಲಿ ಎಂಬುದು ಅವರಿಗೂ ಗೊತ್ತು, ಊರು ಎಲ್ಲಿದೆ ಎಂದು ಹೇಳುವ ರೂಢಿಯಿಂದ ಬರೆದಿರುತ್ತಾರೆ.

ಇನ್ನು ಪದೇ ಪದೇ ಬರುವ ತಪ್ಪುಗಳು. ಶನಿವಾರ ಹೆಚ್ಚು ಹೊತ್ತು ಜಗಳವಾಡಿದ್ದು ಇವುಗಳ ಬಗ್ಗೆಯೇ.

ಕಿತ್ತೂರು. ಐದರಲ್ಲಿ ಎರಡು ಉತ್ತರಗಳು ಚೆನ್ನಮ್ಮನನ್ನು 1857ರೊಳಗೆ ತಂದಿದ್ದವು. ಥ್ಯಾಕರೆ ಕಿತ್ತೂರಿನಲ್ಲಿ ಸತ್ತದ್ದು 1824ರ ಅಕ್ಟೋಬರಿನಲ್ಲಿ, ರಾಯಣ್ಣನ ಗಲ್ಲು 1831ರಲ್ಲಿ. ಇದನ್ನು 1857–58ರ ನಿದರ್ಶನವಾಗಿ ಬರೆದಿದ್ದರೆ ಲೆಕ್ಕಕ್ಕೆ ಹಿಡಿಯಬೇಡಿ; ಬೇರೆ ಶಿಕ್ಷೆ ಬೇಡ, ಉಳಿದ ನಿದರ್ಶನಗಳ ಮೇಲೆ ಅಂಕ ಹಾಕಿ. ಆದರೆ ಯಾರಾದರೂ "ದತ್ತಕದ ಜಗಳ ಈ ಸೀಮೆಗೆ ಹೊಸದಲ್ಲ, ಕಿತ್ತೂರಿನಲ್ಲಿ ಮೂರು ದಶಕ ಹಿಂದೆಯೇ ಆಗಿತ್ತು" ಎಂದು ಹಿನ್ನೆಲೆಯಾಗಿ ತಂದಿದ್ದರೆ, ಅದು ಒಳ್ಳೆಯ ಓದು. ಅದರ ಬೆಲೆ ವಾದದ ಮನೆಯಲ್ಲಿ ಸಿಗಲಿ. ಊರಹೆಸರು ಕಂಡ ಕೂಡಲೇ ಕೆಂಪು ಗೆರೆ ಎಳೆಯದೆ, ಇಸವಿ ನೋಡಿ.

ಡಾಲ್‌ಹೌಸಿ. "ದತ್ತು ಮಕ್ಕಳಿಗೆ ಹಕ್ಕಿಲ್ಲ ಎಂಬ ನೀತಿಯಂತೆ ನರಗುಂದವನ್ನು ವಶಪಡಿಸಿಕೊಂಡದ್ದರಿಂದ ದಂಗೆಯಾಯಿತು" ಎಂದು ಬರೆಯುತ್ತಾರೆ. ದಂಗೆಯ ಹೊತ್ತಿಗೆ ಬಾಬಾಸಾಹೇಬ ಇನ್ನೂ ಗಾದಿಯ ಮೇಲಿದ್ದ. ಇದ್ದದ್ದು ತನ್ನ ನಂತರ ಸಂಸ್ಥಾನ ಉಳಿಯುವುದಿಲ್ಲ ಎಂಬ ಭಯ. ಕಳೆದುಕೊಂಡವನ ಸಿಟ್ಟು ಬೇರೆ, ಕಳೆದುಕೊಳ್ಳುವವನ ಭಯ ಬೇರೆ. ಇದು ಕಾರಣಕ್ಕೇ ಸಂಬಂಧಿಸಿದ ತಪ್ಪಾದ್ದರಿಂದ ಇಲ್ಲಿ 1 ಕಡಿಯಿರಿ.

ಲಾವಣಿ. ಹಲಗಲಿಯ ಲಾವಣಿಯ ಸಾಲುಗಳು ಮಕ್ಕಳಿಗೆ ಬಾಯಿಪಾಠ. ಚೆಂದಕ್ಕೆಂದು ಬರೆದಿದ್ದರೆ ಹೆಚ್ಚುವರಿ ಅಂಕವಿಲ್ಲ. ಅದನ್ನು ಆಕರವಾಗಿ ನೋಡಿದ್ದರೆ, ಅಂದರೆ ಹಾಡಿದವರು ಯಾರ ಕಡೆಯವರು, ಸರಕಾರಿ ಕಾಗದಪತ್ರ ಹೇಳದ್ದನ್ನು ಇದು ಏನು ಹೇಳುತ್ತದೆ ಎಂದು ಕೇಳಿದ್ದರೆ, ಮೂರನೆಯ ನಿದರ್ಶನ ಸ್ವಲ್ಪ ಸೊರಗಿದ್ದರೂ 5 ಕೊಡಬಹುದು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಫ್ಲೀಟ್ ಕೂಡ ಬ್ರಿಟಿಷ್ ಅಧಿಕಾರಿಯೇ ಎಂಬಷ್ಟು ದೂರ ಹೋದ ಉತ್ತರ ಸಿಕ್ಕರೆ ನನಗೂ ತೋರಿಸಿ.

3. ಕಾರಣಗಳ ತೂಕ (3)

ಕಾರಣಗಳ ಪಟ್ಟಿ ಎಲ್ಲರೂ ಬರೆಯುತ್ತಾರೆ: ದತ್ತಕ, 1852ರ ಇನಾಂ ಕಮಿಷನ್, ನಿಶ್ಶಸ್ತ್ರೀಕರಣ, ಉತ್ತರದಿಂದ ಬಂದ ಸುದ್ದಿ. ಬರೇ ಪಟ್ಟಿಗೆ 1. ಯಾವ ಕಾರಣ ಯಾರನ್ನು ತಟ್ಟಿತು ಎಂದು ಬಿಡಿಸಿದ್ದರೆ 2. ಒಂದರ ಜೊತೆ ಇನ್ನೊಂದನ್ನು ಇಟ್ಟು ಯಾವುದು ಹೆಚ್ಚು, ಯಾಕೆ ಎಂದಿದ್ದರೆ 3.

ಇಲ್ಲಿ ಎರಡು ಕಡೆ ಚೂಟಿ ಮಕ್ಕಳು ನಮ್ಮನ್ನು ದಾಟಿ ಹೋಗಬಹುದು. ಒಂದು, ಆಯುಧದ ಕಾಯ್ದೆ ಸಂಸ್ಥಾನಿಕನ ಮಾನವನ್ನೂ ಬೇಡರ ಬೇಟೆಯ ಬದುಕನ್ನೂ ಒಟ್ಟಿಗೇ ಮುಟ್ಟಿತು. ಅಲ್ಲಿಗೆ ಹೇಳಿಕೆ ಎಳೆದ ಗೆರೆಯೇ ಅಳಿಸುತ್ತದೆ. ಎರಡು, ಭೀಮರಾವ್. ಅವನು ಸಂಸ್ಥಾನಿಕನಲ್ಲ, ಹೊಲ ಉಳುವವನೂ ಅಲ್ಲ, ಕಂಪನಿಯ ನೌಕರಿ ಮಾಡಿ ಬಂದವನು. ಅವನನ್ನು ಯಾವ ಕಡೆ ನಿಲ್ಲಿಸುವುದು ಎಂದು ಯಾರಾದರೂ ತಡವರಿಸಿ ಬರೆದಿದ್ದರೆ, ಆ ತಡವರಿಕೆಗೇ 3 ಕೊಡಿ. ವಾಕ್ಯ ನೇರ ಇಲ್ಲದಿದ್ದರೂ ಪರವಾಗಿಲ್ಲ.

4. ಜೋಡಣೆ, ಭಾಷೆ (2)

ಓದಿದರೆ ದಾರಿ ತಿಳಿಯಬೇಕು, ಅಷ್ಟೇ. ಕಾಗುಣಿತಕ್ಕೆ, ಅಕ್ಷರದ ಅಂದಕ್ಕೆ ಕಡಿತವಿಲ್ಲ. "ಮಾಡ್ಯಾರ", "ಹೋಗ್ಯಾನ" ಎಂದು ಬರೆದವರಿಗೂ ಇಲ್ಲ. ಪುಟದ ಎಣಿಕೆಗೆ, ಅಡಿಷನಲ್ ಶೀಟಿಗೆ ಅಂಕವಿಲ್ಲ. ಎರಡೂವರೆ ಪುಟದಲ್ಲಿ 13 ತೆಗೆದುಕೊಂಡ ಉತ್ತರ ನಮ್ಮ ಐದರಲ್ಲೇ ಇತ್ತು. ಪ್ರತಿ ಪ್ಯಾರಾಕ್ಕೂ ಅಡಿಗೆರೆ ಎಳೆದ ತಲೆಬರಹ ಇದ್ದ ಮಾತ್ರಕ್ಕೆ ಜೋಡಣೆ ಇದೆ ಎಂದುಕೊಳ್ಳಬೇಡಿ.

ತಿದ್ದುವಾಗ

ಅಂಚಿನಲ್ಲಿ ನಾಲ್ಕು ಅಂಕೆಗಳನ್ನು ಇದೇ ಕ್ರಮದಲ್ಲಿ ಬರೆಯಿರಿ: 3+4+2+1=10 ಎಂಬ ಹಾಗೆ. ಮರುಎಣಿಕೆಗೆ ಬಂದ ವಿದ್ಯಾರ್ಥಿಗೆ ತೋರಿಸಲಿಕ್ಕೆ ಅದೇ ಸಾಕು. ಪ್ರತಿ ಹತ್ತನೆಯ ಪತ್ರಿಕೆಯನ್ನು ಪಕ್ಕದವರಿಗೆ ಕೊಡಿ. ಒಟ್ಟು ಅಂಕದಲ್ಲಿ 2ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸರಾಸರಿ ಹಾಕಬೇಡಿ. ಯಾವ ಮನೆಯಲ್ಲಿ ಅಂತರ ಬಂತೆಂದು ಅಂಚಿನ ಅಂಕೆ ಹೇಳುತ್ತದೆ, ಆ ಭಾಗ ಮಾತ್ರ ಇಬ್ಬರೂ ಕೂಡಿ ಮತ್ತೆ ಓದಿ. ಬಗೆಹರಿಯದಿದ್ದರೆ ಮೂರನೆಯವರಿಗೆ.

ದಿನಕ್ಕೆ 25ಕ್ಕಿಂತ ಹೆಚ್ಚು ಬೇಡ. ಊಟದ ನಂತರದ ಹತ್ತು ಪತ್ರಿಕೆಗೆ ನಾನು ಯಾವಾಗಲೂ ಬಿಗಿಯಾಗುತ್ತೇನೆ. ನೀವೂ ನಿಮ್ಮ ಹೊತ್ತು ನೋಡಿಕೊಳ್ಳಿ.

ಮಾದರಿ ಐದು ಉತ್ತರಗಳಿಗೆ ಈ ಮಾನದಂಡದಂತೆ ನಾವು ಒಪ್ಪಿದ ಅಂಕ:

ಒಂದು: 3+4+2+1=10
ಎರಡು: 2+2+1+1=6 (ಕಿತ್ತೂರು, ನರಗುಂದ, ಸುರಪುರದ ಬರೇ ಹೆಸರು; ಎಣಿಕೆಗೆ ಬಂದದ್ದು ನರಗುಂದ ಒಂದೇ)
ಮೂರು: 1+2+1+2=6 (ನಾನು 12 ಕೊಟ್ಟದ್ದು)
ನಾಲ್ಕು: 5+4+3+1=13 (ಎರಡೂವರೆ ಪುಟದ್ದು)
ಐದು: 3+3+1+1=8

ಮೂರನೆಯ ಹುಡುಗ ಕೇಳಲಿಕ್ಕೆ ಬಂದರೆ ನನ್ನ ಬಳಿ ಕಳಿಸಿ. ಅವನ ಕಥೆ ಚೆನ್ನಾಗಿತ್ತು ಎಂದೂ, ಅದು ಯಾವ ಪ್ರಶ್ನೆಗೆ ಉತ್ತರವಾಗಬಹುದಿತ್ತು ಎಂದೂ ನಾನೇ ಹೇಳುತ್ತೇನೆ.