ಎಡಗಡೆ ಚಕ್ರದ ‘ಕಟ್ ಕಟ್’ ಸದ್ದು

ಅಣ್ಣಾ ನಮಸ್ಕಾರ. ಹೋದ ತಿಂಗಳು ಆಯಿಲ್ ಚೇಂಜ್ ಮಾಡಿಸಿದ್ದೆನಲ್ಲ, ಆ ಬಿಳಿ ಡೀಸೆಲ್ ಕಾರಿನವನು.

ಭಾನುವಾರ ಮುಳ್ಳಯ್ಯನಗಿರಿಗೆ ಹೋಗಿ ಬಂದಾಗಿನಿಂದ ಮುಂದಿನ ಎಡ ಚಕ್ರದ ಹತ್ತಿರ ‘ಕಟ್ ಕಟ್ ಕಟ್’ ಅಂತ ಸದ್ದು ಬರುತ್ತಿದೆ. ಸ್ಟೇರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಆಕ್ಸಿಲರೇಟರ್ ಒತ್ತಿದರೆ ಮಾತ್ರ. ಘಾಟಿ ತಿರುವು ಹತ್ತುವಾಗ ಜಾಸ್ತಿ. ಸ್ಪೀಡ್ ಏರಿದಂತೆ ಸದ್ದೂ ಬೇಗ ಬೇಗ. ನೇರ ರಸ್ತೆಯಲ್ಲಿ ಇಲ್ಲ, ಎಡಕ್ಕೆ ತಿರುಗಿಸಿದರೂ ಇಲ್ಲ. ನಿಂತಲ್ಲೇ ರೇಸ್ ಮಾಡಿದರೆ, ಹಂಪ್ ಹಾರಿಸಿದರೆ, ಬ್ರೇಕ್ ಹಿಡಿದರೆ ಏನೂ ಇಲ್ಲ.

ಬಗ್ಗಿ ನೋಡಿದೆ. ರಿಮ್‌ನ ಒಳಗಡೆ ಕಪ್ಪು ಗ್ರೀಸ್ ಎರಚಿಕೊಂಡಿದೆ, ಆಕ್ಸಲ್‌ನ ರಬ್ಬರ್ ಬೂಟ್ ಹರಿದಿದೆ. ಜಾಯಿಂಟ್ ಹೋಗಿದೆಯಾ ಅಂತ ನನ್ನ ಅನುಮಾನ, ನೀವೇ ನೋಡಿ ಹೇಳಿ. ಸದ್ದಿನ ವಿಡಿಯೋ ಕಳಿಸಿದ್ದೇನೆ.

ನಾಳೆ 10 ಗಂಟೆಗೆ ತರಲಾ? ಕೈಮರದಿಂದ ಓಡಿಸಿಕೊಂಡು ಬರಬಹುದಾ, ಬೇಡವಾ?